ಪಟದ ಹಸುವಿಗೆ ದುಡ್ಡು ಕೊಡುವ ಮುನ್ನ
(ರೈತರ ಸಭೆಯಲ್ಲಿ ಆಡಿದ ಮಾತುಗಳು)



ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ನಾವು ಏನು ಮಾಡುತ್ತೇವೆ? ಬಾಯಿ ಬಿಡಿಸಿ ಹಲ್ಲು ಎಣಿಸುತ್ತೇವೆ. ಸುಳಿ ನೋಡುತ್ತೇವೆ. ನಾಲ್ಕು ಹೆಜ್ಜೆ ನಡೆಸಿ ಕುಂಟುತ್ತದೆಯೇ ಎಂದು ನೋಡುತ್ತೇವೆ. ಆಮೇಲೆ ಟವೆಲಿನ ಅಡಿಯಲ್ಲಿ ಬೆರಳು ಹಿಡಿದು ವ್ಯಾಪಾರ ಮಾಡುತ್ತೇವೆ. ಇಷ್ಟು ಎಚ್ಚರದ ನಾವೇ, ಮೊಬೈಲಿನಲ್ಲಿ ಸೀಮೆಹಸುವಿನ ಪಟ ಕಂಡ ಕೂಡಲೇ ಮುಂಗಡ ಕಳುಹಿಸಿಬಿಡುತ್ತೇವೆ. ಜಾತ್ರೆಯಲ್ಲಿ ಕಲಿತ ಬುದ್ಧಿಯನ್ನು ಪಟದ ಮೇಲೂ ಹೇಗೆ ಉಪಯೋಗಿಸಬಹುದೆಂಬುದನ್ನು ಈ ದಿನ ಹೇಳುತ್ತೇನೆ.

ಇದು ನಡೆಯದ ಮಾತಲ್ಲ. 2024ರ ಜನವರಿಯಲ್ಲಿ ಹರಿಯಾಣದ ಗುರುಗ್ರಾಮದ ಕಡೆಯ ಹೈನುಗಾರರೊಬ್ಬರು ಇಂಟರ್ನೆಟ್ಟಿನಲ್ಲಿ ಹಸು ಹುಡುಕಿ, ವಾಟ್ಸಾಪಿಗೆ ಬಂದ ಪಟಗಳನ್ನು ನಂಬಿ, ಸುಮಾರು 23,000 ರೂಪಾಯಿ ಕಳೆದುಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂತು. ದುಡ್ಡು ಹೋಯಿತು, ಹಸು ಬರಲಿಲ್ಲ.

ಈಗ ನಮ್ಮ ಊರಿನದೇ ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಫೇಸ್‌ಬುಕ್ಕಿನ ಮಾರಾಟದ ಪುಟದಲ್ಲಿ ಹೀಗೊಂದು ಜಾಹೀರಾತು ಇದೆ: “ಎಚ್.ಎಫ್. ಹಸು, ಎರಡನೇ ಸೂಲು, ದಿನಕ್ಕೆ 18 ಲೀಟರ್ ಹಾಲು, ಬೆಲೆ 38,000, ಸ್ಥಳ ದೊಡ್ಡಬಳ್ಳಾಪುರ.” ಮೂರು ಪಟಗಳಿವೆ. ಮಾರುವವನು ಫೋನಿನಲ್ಲಿ, “ಅಣ್ಣಾ, ಬಹಳ ಜನ ಕೇಳುತ್ತಿದ್ದಾರೆ. 5,000 ಹಾಕಿ, ನಿಮಗೇ ಹಿಡಿದಿಡುತ್ತೇನೆ,” ಎನ್ನುತ್ತಾನೆ. ಅಷ್ಟು ಹಾಲಿನ ಹಸು ಆ ಬೆಲೆಗೆ ಯಾವ ಸಂತೆಯಲ್ಲಿ ಸಿಗುತ್ತದೆ? ಮೊದಲ ಅನುಮಾನ ಅಲ್ಲೇ ಹುಟ್ಟಬೇಕು. ಆದರೂ ಮನೆಯವರಿಗೆ ಆಸೆ ಇದ್ದರೆ, ದುಡ್ಡು ಹಾಕುವ ಮೊದಲು ಮೂರು ಪರೀಕ್ಷೆ ಮಾಡಿರಿ.

ಮೊದಲನೆಯದು, ಈ ಪಟ ಬೇರೆಲ್ಲಾದರೂ ಇದೆಯೇ ಎಂದು ಹುಡುಕುವುದು. ಪಟವನ್ನು ಫೋನಿನಲ್ಲಿ ಉಳಿಸಿಕೊಳ್ಳಿರಿ. ಉಳಿಯದಿದ್ದರೆ ಪರದೆಯದೇ ಪಟ ತೆಗೆಯಿರಿ, ಅಂದರೆ ಸ್ಕ್ರೀನ್‌ಶಾಟ್. ಗೂಗಲ್ ಆ್ಯಪನ್ನು ತೆರೆದರೆ ಹುಡುಕುವ ಪಟ್ಟಿಯಲ್ಲಿ ಕ್ಯಾಮೆರಾದ ಗುರುತು ಇರುತ್ತದೆ. ಇದೇ ಗೂಗಲ್ ಲೆನ್ಸ್. ಅದನ್ನು ಒತ್ತಿ, ಉಳಿಸಿದ ಪಟವನ್ನು ಆರಿಸಿರಿ. ಪಟದ ಸುತ್ತ ಒಂದು ಚೌಕಟ್ಟು ಬರುತ್ತದೆ. ಅದರ ಮೂಲೆಗಳನ್ನು ಎಳೆದು ಹಸುವಿನ ಮೈ ಮಾತ್ರ ಒಳಗಿರುವಂತೆ ಮಾಡಿರಿ. ಮಾರುವವನು ಪಟದ ಮೇಲೆ ಬರೆದ ಬೆಲೆ, ಫೋನ್ ನಂಬರು ಚೌಕಟ್ಟಿನ ಒಳಗೆ ಬರಬಾರದು. ಮೂರು ಪಟಗಳನ್ನೂ ಹೀಗೆಯೇ ಬೇರೆ ಬೇರೆಯಾಗಿ ಹುಡುಕಿರಿ.

ಆಗ ಬೇಕಾದಷ್ಟು ಕಪ್ಪು ಬಿಳುಪಿನ ಹಸುಗಳು ಕಾಣುತ್ತವೆ. ಹೋಲುವ ಹಸು ಬೇರೆ, ಅದೇ ಹಸು ಬೇರೆ. ಇದನ್ನು ಗುರುತಿಸಲು ದನ ಸಾಕಿದವರಿಗೆ ಯಾರೂ ಕಲಿಸಬೇಕಾಗಿಲ್ಲ. ಸೀಮೆಹಸುವಿನ ಮೈಮೇಲಿನ ಕಪ್ಪು ಮಚ್ಚೆಗಳು ನಮ್ಮ ಹೆಬ್ಬೆಟ್ಟಿನ ಗುರುತಿನಂತೆ. ಒಂದರದು ಇನ್ನೊಂದಕ್ಕೆ ಬರುವುದಿಲ್ಲ. ಭುಜದ ಮಚ್ಚೆಯ ಅಂಚು, ಹಣೆಯ ಬಿಳಿ ಬೊಟ್ಟು, ಹಿಂದಿನ ಗೋಡೆ, ಕಟ್ಟಿದ ಗೂಟ ಇವೆಲ್ಲ ಒಂದೇ ಆಗಿದ್ದರೆ ಅದು ಅದೇ ಪಟ. ಅದು ಎರಡು ವರ್ಷದ ಹಿಂದೆ ಪಂಜಾಬಿನ ಹೈನುಗಾರರ ಪುಟದಲ್ಲಿ ಬಂದಿದ್ದರೆ, ದೊಡ್ಡಬಳ್ಳಾಪುರದ ಕೊಟ್ಟಿಗೆಯಲ್ಲಿ ಆ ಹಸು ಇಲ್ಲವೆಂದೇ ತಿಳಿಯಿರಿ. ಕೆಲವರು ಕದ್ದ ಪಟವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸುತ್ತಾರೆ. ಆಗ ಎಡಮೈ ಮಚ್ಚೆ ಬಲಮೈಯಲ್ಲಿರುತ್ತದೆ. ಅದನ್ನೂ ಹೋಲಿಸಿ ನೋಡಿರಿ.

ಒಂದು ಮಾತು ಮರೆಯಬೇಡಿ. ಲೆನ್ಸಿನಲ್ಲಿ ಅದೇ ಪಟ ಬೇರೆಯವರ ಹೆಸರಿನಲ್ಲಿ ಸಿಕ್ಕರೆ ಮೋಸ ಹೊರಬಿತ್ತು. ಸಿಗದಿದ್ದರೆ ಮಾರುವವನು ಪ್ರಾಮಾಣಿಕ ಎಂದಾಗಲಿಲ್ಲ. ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಪಟಗಳನ್ನು ಗೂಗಲ್ ಕಾಣುವುದಿಲ್ಲ. ಈಗ ಕಂಪ್ಯೂಟರೇ ಹೊಸದಾಗಿ ಹುಟ್ಟಿಸಿದ ಪಟಕ್ಕಂತೂ ಹಳೆಯ ಜಾಗವೇ ಇರುವುದಿಲ್ಲ.

ಆದುದರಿಂದ ಎರಡನೆಯ ಪರೀಕ್ಷೆ: ಪಟಗಳು ಒಂದಕ್ಕೊಂದು ಹೊಂದುತ್ತವೆಯೇ? ಎಡಮೈ ತೋರಿಸುವ ಎರಡು ಪಟಗಳನ್ನು ಅಕ್ಕಪಕ್ಕ ಇಟ್ಟು ಮಚ್ಚೆಗಳನ್ನು ಎಣಿಸಿರಿ. ಹುಟ್ಟಿಸಿದ ಪಟದಲ್ಲಿ ಹಸು ಒಂದರಿಂದ ಇನ್ನೊಂದಕ್ಕೆ ಬದಲಾಗಿಬಿಡುವುದುಂಟು. ಕೆಚ್ಚಲನ್ನು ದೊಡ್ಡದು ಮಾಡಿ ಮೊಲೆಗಳನ್ನು ನೋಡಿರಿ. ಹಗ್ಗ ಕೊಂಬಿನಿಂದ ಗೂಟದವರೆಗೆ ಸರಿಯಾಗಿ ಹೋಗುತ್ತದೆಯೇ, ನಡುವೆ ಮಾಯವಾಗುತ್ತದೆಯೇ ನೋಡಿರಿ. ಕಿವಿಯಲ್ಲಿ ಹಳದಿ ಓಲೆ ಇದ್ದರೆ ಅದರ ಮೇಲೆ ಸರಿಯಾದ 12 ಅಂಕಿಗಳಿರಬೇಕು. ಹುಟ್ಟಿಸಿದ ಪಟದಲ್ಲಿ ಅಂಕಿಯ ಬದಲು ಗೀಚಿದ ಗುರುತು ಇರಬಹುದು. ಆದರೆ ಈ ತಪ್ಪುಗಳು ದಿನೇ ದಿನೇ ಕಡಿಮೆಯಾಗುತ್ತಿವೆ. ತಪ್ಪು ಕಂಡರೆ ಬಿಟ್ಟುಬಿಡಿ. ಕಾಣದಿದ್ದರೆ ನಂಬಬೇಡಿ, ಮುಂದಿನ ಪರೀಕ್ಷೆಗೆ ಹೋಗಿರಿ.

ಮೂರನೆಯದೇ ನಿಜವಾದ ಪರೀಕ್ಷೆ. ಇನ್ನೂ ಪಟ ಕಳುಹಿಸೆಂದು ಕೇಳಬೇಡಿ; ಎಷ್ಟು ಕೇಳಿದರೂ ಕದ್ದೋ ಹುಟ್ಟಿಸಿಯೋ ಕಳುಹಿಸಬಲ್ಲರು. ವಿಡಿಯೊ ಕರೆ ಮಾಡಿ, ಹಸುವಿನ ಹತ್ತಿರ ಹೋಗಲು ಹೇಳಿರಿ. ಆಗ ನೀವು ಜಾತ್ರೆಯಲ್ಲಿ ಮಾಡುವುದನ್ನೇ ಅವನ ಕೈಯಲ್ಲಿ ಮಾಡಿಸಿರಿ. ಬಾಯಿ ಬಿಡಿಸಿ ಹಲ್ಲು ತೋರಿಸಲಿ. ಎರಡನೇ ಸೂಲಿನ ಹಸುವೆಂದು ಹೇಳಿ, ಎರಡೇ ಹಲ್ಲಿನ ಪಡ್ಡೆ ತೋರಿಸಿದರೆ ಮಾತು ಸುಳ್ಳು. ನಾಲ್ಕು ಮೊಲೆಯಿಂದಲೂ ಹಾಲು ಹಿಂಡಿ ತೋರಿಸಲಿ. ಕಿವಿಯೋಲೆಯ 12 ಅಂಕಿಗಳನ್ನು ಓದಲಿ, ನೀವು ಬರೆದುಕೊಳ್ಳಿರಿ. ಆ ಸಂಖ್ಯೆಯನ್ನು ನಿಮ್ಮ ಪಶು ಆಸ್ಪತ್ರೆಗೆ ಕೊಂಡೊಯ್ದು, ದಾಖಲೆಯಲ್ಲಿರುವ ತಳಿ, ವಯಸ್ಸು, ಊರು ಇವನ ಮಾತಿಗೆ ಹೊಂದುತ್ತವೆಯೇ ಎಂದು ಕೇಳಿರಿ.

ಮೋಸಗಾರ ಇಲ್ಲಿ ಸಿಕ್ಕಿಬೀಳುತ್ತಾನೆ. “ಸಿಗ್ನಲ್ ಇಲ್ಲ,” “ಹಸು ತೋಟದಲ್ಲಿದೆ,” “ಈಗಷ್ಟೇ ವ್ಯಾನಿಗೆ ಹತ್ತಿಸಿದೆವು,” ಎನ್ನುತ್ತಾನೆ. ಮೊದಲೇ ತೆಗೆದ ವಿಡಿಯೊ ಒಂದನ್ನು ಕಳುಹಿಸುತ್ತಾನೆ. ತಾನು ಸೈನಿಕನೆಂದು ಹೇಳಿ ಗುರುತಿನ ಚೀಟಿಯ ಪಟ ಹಾಕುವವರೂ ಇದ್ದಾರೆ. ಆ ಚೀಟಿಯೂ ಪಟವೇ. ಹಸುವಿನ ಪಟವನ್ನು ಕದ್ದವನಿಗೆ ಚೀಟಿಯ ಪಟ ಕದಿಯುವುದು ಕಷ್ಟವಲ್ಲ.

ಕರೆಯಲ್ಲಿ ಎಲ್ಲವೂ ಸರಿಯಾಗಿ ಕಂಡರೂ ದುಡ್ಡು ಹಾಕಬೇಡಿ. ಪಕ್ಕದ ಮನೆಯವರ ಹಸುವನ್ನೂ ತನ್ನದೆಂದು ತೋರಿಸಬಹುದಲ್ಲವೇ? ದೊಡ್ಡಬಳ್ಳಾಪುರವೆಂದರೆ ದೇವನಹಳ್ಳಿಗೋ ನೆಲಮಂಗಲಕ್ಕೋ ಎಷ್ಟು ದೂರ? ಬಸ್ಸು ಹತ್ತಿ ಹೋಗಿ, ಸಂಜೆ ಬೆಳಗ್ಗೆ ಎರಡು ಹೊತ್ತು ಕರೆಸಿ ನೋಡಿ, ಹಗ್ಗ ನಿಮ್ಮ ಕೈಗೆ ಬಂದ ಮೇಲೆ ಹಣ ಕೊಡಿರಿ. ಬೇಡವೆನ್ನುವವನ ಬಳಿ ಹಸುವೇ ಇಲ್ಲ. ಮುಂಗಡ 5,000 ಕೊಟ್ಟರೆ ನಾಳೆ ವ್ಯಾನಿನ ಬಾಡಿಗೆ, ನಾಡಿದ್ದು ವಿಮೆಯ ಹಣ ಎಂದು ಕೇಳುತ್ತಲೇ ಇರುತ್ತಾನೆ. ಹಿಂದೆ ಹೋದ ದುಡ್ಡು ಉಳಿಸಿಕೊಳ್ಳಲು ಮತ್ತೆ ಹಾಕುವುದರಲ್ಲೇ ಹೆಚ್ಚಿನ ನಷ್ಟ.

ಈಗಾಗಲೇ ಹಣ ಹಾಕಿ ಮೋಸ ಹೋಗಿದ್ದರೆ ನಾಚಿಕೆಯಿಂದ ಸುಮ್ಮನಿರಬೇಡಿ. ಆ ಗಳಿಗೆಯಲ್ಲೇ 1930ಕ್ಕೆ ಫೋನ್ ಮಾಡಿರಿ, ಇಲ್ಲವೇ cybercrime.gov.in ನಲ್ಲಿ ದೂರು ಬರೆಸಿರಿ. ಹಣ ಇನ್ನೊಬ್ಬನ ಖಾತೆಯಲ್ಲೇ ಇದ್ದರೆ ತಡೆಹಿಡಿಯಲು ಸಾಧ್ಯ. ತೆಗೆದುಕೊಂಡ ಮೇಲೆ ಕಷ್ಟ. ಹಣ ಕಳುಹಿಸಿದ ಸಂಖ್ಯೆ, ಜಾಹೀರಾತಿನ ಪಟ, ಮಾತುಕತೆ ಯಾವುದನ್ನೂ ಅಳಿಸಬೇಡಿ.

ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ, ಹಾಲು ಹಿಂಡಿ, ಆಮೇಲೆ ದುಡ್ಡು. ನಮ್ಮ ಹಿರಿಯರು ಜಾತ್ರೆಯಲ್ಲಿ ಇದೇ ಕ್ರಮದಲ್ಲಿ ಕೊಂಡರು. ಪಟ ಹಸುವಿನ ಮನೆಯ ದಾರಿ ತೋರಿಸಲಿ, ಅಷ್ಟು ಸಾಕು.