ಎಳನೀರು ಮತ್ತು ಮೈನಸ್ ಎಪ್ಪತ್ತು

ಇಂದು ವೈದ್ಯರಾಗುತ್ತಿರುವ ಗೆಳೆಯರೇ,

ಚೆನ್ನೈನ ಅಗ್ನಿನಕ್ಷತ್ರದ ಬಿಸಿಲಿಗೆ ಎಳನೀರು ಹಿತ. ಆದರೆ ಡಯಾಲಿಸಿಸ್ ರೋಗಿಗೆ ನಾವು ಅದನ್ನೇ ಬೇಡವೆನ್ನುತ್ತೇವೆ. ರಕ್ತದಲ್ಲಿ ಪೊಟ್ಯಾಸಿಯಂ ಲೀಟರಿಗೆ ಸುಮಾರು 4 ಮಿಲಿಮೋಲ್. ಎಳನೀರಿನಲ್ಲಿ ಅದರ ಹತ್ತು ಪಟ್ಟಿಗೂ ಹೆಚ್ಚು. ಕಿಡ್ನಿ ಕೆಟ್ಟವರಲ್ಲಿ ಅದು ರಕ್ತದಲ್ಲೇ ಉಳಿದರೆ ಕೈಕಾಲು ಸೋಲುವುದೇಕೆ?

ನರಕೋಶದ ಒಳಗೆ ಪೊಟ್ಯಾಸಿಯಂ ಸುಮಾರು 140, ಹೊರಗೆ 4. ಈ ಏರುಪೇರನ್ನು ಕಾಪಾಡುವುದು 1957ರಲ್ಲಿ ಸ್ಕೌ ಗುರುತಿಸಿದ ಪಂಪು: ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ. ವಿಶ್ರಾಂತಿ ವಿಭವವನ್ನೂ ಪಂಪೇ ಹುಟ್ಟಿಸುತ್ತದೆಂದು ಪರೀಕ್ಷೆಯಲ್ಲಿ ಬರೆದವರು ನಿಮ್ಮಲ್ಲೂ ಇದ್ದೀರಿ. ಆದರೆ ಔಬೇನ್ ಹಾಕಿ ಪಂಪನ್ನು ನಿಲ್ಲಿಸಿದರೆ ತಕ್ಷಣ ಕುಸಿಯುವುದು ಕೆಲವೇ ಮಿಲಿವೋಲ್ಟ್. ಉಳಿದದ್ದು ಅಯಾನುಗಳು ಬೆರೆತಂತೆಲ್ಲ ನಿಧಾನವಾಗಿ ಕರಗುತ್ತದೆ.

ವಿಭವ ಹುಟ್ಟುವುದು ಸದಾ ತೆರೆದಿರುವ ಲೀಕ್ ಚಾನೆಲ್‌ಗಳಲ್ಲಿ. ಅವುಗಳ ಮೂಲಕ ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ಅದರ ಜೊತೆಗಿದ್ದ ಋಣ ಆವೇಶದ ಪ್ರೋಟೀನು, ಫಾಸ್ಫೇಟುಗಳು ದಾಟಲಾರದೆ ಒಳಗೇ ಉಳಿಯುತ್ತವೆ. ಒಳಗು ಋಣವಾದಷ್ಟೂ ಹೊರಟ ಪೊಟ್ಯಾಸಿಯಂ ಹಿಂದಕ್ಕೆ ಸೆಳೆಯಲ್ಪಡುತ್ತದೆ. ಸೋರುವ ಒತ್ತಡವೂ ಈ ಸೆಳೆತವೂ ಸಮವಾಗುವ ಬಿಂದು, ನರ್ನ್‌ಸ್ಟ್ ಲೆಕ್ಕದಲ್ಲಿ, ಮೈನಸ್ 94 ಮಿಲಿವೋಲ್ಟ್. ಇದಕ್ಕೆ ಬೇಕಾಗುವ ಸೋರಿಕೆ ಎಷ್ಟು ಗೊತ್ತೇ? 20 ಮೈಕ್ರೋಮೀಟರ್ ಅಗಲದ ದುಂಡು ಕೋಶದಲ್ಲಿ ನಲವತ್ತು ಸಾವಿರ ಪೊಟ್ಯಾಸಿಯಂಗೆ ಒಂದರಷ್ಟೂ ಹೊರಹೋಗಬೇಕಿಲ್ಲ. ಆದ್ದರಿಂದಲೇ ಒಳಗಿನ 140 ಹಾಗೇ ಉಳಿಯುತ್ತದೆ.

ಆದರೂ ಅಳೆದಾಗ ಸಿಗುವುದು ಮೈನಸ್ 70ರ ಆಸುಪಾಸು. ಸೋಡಿಯಂ ಕೂಡ ಸ್ವಲ್ಪ ಒಳಸೋರುವುದೇ ಕಾರಣ. ಅದರ ಸಮತೋಲ ಬಿಂದು ಪ್ಲಸ್ 66. ಸೋಡಿಯಂ ದಾರಿ ಪೊಟ್ಯಾಸಿಯಂ ದಾರಿಯ ಆರನೇ ಒಂದರಷ್ಟಿದ್ದರೆ ಎರಡರ ಜಗ್ಗಾಟ ಮೈನಸ್ 71ರಲ್ಲಿ ನಿಲ್ಲುತ್ತದೆ. ಆ ನಿಲುವನ್ನು ದಿನವಿಡೀ ಕಾಯಲು ಪಂಪು ದುಡಿಯಬೇಕು.

ಈಗ ರೋಗಿಯ ಪೊಟ್ಯಾಸಿಯಂ 8 ಆಗಲಿ. ಅದರ ಸಮತೋಲ ಬಿಂದು ಮೈನಸ್ 76ಕ್ಕೆ ಏರುತ್ತದೆ. ಅದೇ ದಾರಿಗಳ ಲೆಕ್ಕದಲ್ಲಿ ಕೋಶ ಮೈನಸ್ 56ರ ಹತ್ತಿರ. ಇದು ಒರಟು ಲೆಕ್ಕ, ನಿಜವಾದ ಕೋಶದಲ್ಲಿ ದಾರಿಗಳೂ ಬದಲಾಗುತ್ತವೆ. ಕೆರಳುವ ಮಿತಿಗೆ ಹತ್ತಿರವಾದ ಕೋಶ ಮೊದಲು ಸುಲಭವಾಗಿ ಕೆರಳುತ್ತದೆ. ಅಲ್ಲೇ ನಿಂತುಬಿಟ್ಟರೆ ಸೋಡಿಯಂ ಗೇಟುಗಳು ನಿಷ್ಕ್ರಿಯವಾಗಿ ಸಂಕೇತವೇ ಹುಟ್ಟುವುದಿಲ್ಲ. ಸ್ನಾಯು ಸೋಲುತ್ತದೆ, ಇಸಿಜಿಯಲ್ಲಿ ಟಿ ಅಲೆ ಚೂಪಾಗಿ ಏಳುತ್ತದೆ.

ಆಗ ನೀವು ಕೊಡುವ ಕ್ಯಾಲ್ಸಿಯಂ ಗ್ಲುಕೋನೇಟ್ ಪೊಟ್ಯಾಸಿಯಂ ಇಳಿಸುವುದಿಲ್ಲ. ಕೆರಳುವ ಮಿತಿಯನ್ನು ದೂರ ಸರಿಸಿ ಹೃದಯಕ್ಕೆ ಸಮಯ ಕೊಡುತ್ತದೆ, ಅಷ್ಟೆ. ಗ್ಲೂಕೋಸಿನೊಂದಿಗೆ ಕೊಟ್ಟ ಇನ್ಸುಲಿನ್ ಪಂಪನ್ನು ಚುರುಕುಗೊಳಿಸಿ ಪೊಟ್ಯಾಸಿಯಂ ಅನ್ನು ಕೋಶದೊಳಗೆ ತಳ್ಳುತ್ತದೆ. ದೇಹದಿಂದ ತೆಗೆಯುವುದು ಡಯಾಲಿಸಿಸ್. ಇನ್ನೊಂದು ಮಾತು: ರಕ್ತ ತೆಗೆಯುವಾಗ ಕೆಂಪುಕಣಗಳು ಒಡೆದರೂ ವರದಿಯಲ್ಲಿ 8 ಬರುತ್ತದೆ. ಇಸಿಜಿ ಸರಿಯಿದ್ದು ರೋಗಿ ಆರಾಮವಾಗಿದ್ದರೆ ಕೂಡಲೇ ಮತ್ತೊಮ್ಮೆ ರಕ್ತ ಕಳಿಸಿ. ಇಸಿಜಿ ಕೆಟ್ಟಿದ್ದರೆ ವರದಿಗೆ ಕಾಯದೆ ಕ್ಯಾಲ್ಸಿಯಂ ಕೊಡಿ.