ಬಾಣ ಬಿಟ್ಟ ಮಗು, ಕಲ್ಲೆಸೆದ ರೋಗಿ: ಪರಿಹಾರದ ಹೊಣೆ ಯಾರದು?



ಘಾಟಿ ಸುಬ್ರಹ್ಮಣ್ಯದಲ್ಲಿ ಪುಷ್ಯ ಮಾಸದ ಷಷ್ಠಿಗೆ ರಥೋತ್ಸವ ನಡೆಯುತ್ತದೆ. ಅದರ ಆಸುಪಾಸಿನಲ್ಲೇ ದನಗಳ ಜಾತ್ರೆ ಸೇರುತ್ತದೆ. ಆ ಜನಸಂದಣಿಯಲ್ಲಿ ಎಂದಾದರೂ ನಡೆದುಬಿಡಬಹುದಾದ ಒಂದು ಪ್ರಸಂಗವನ್ನು ಊಹಿಸಿಕೊಳ್ಳೋಣ. ಎಂಟು ವರ್ಷದ ಹುಡುಗನೊಬ್ಬ ಅಪ್ಪನನ್ನು ಕಾಡಿ ಜಾತ್ರೆಯ ಅಂಗಡಿಯಲ್ಲಿ ಬಿದಿರಿನ ಬಿಲ್ಲುಬಾಣ ಕೊಂಡಿದ್ದಾನೆ. ಮರದ ಬುಡಕ್ಕೆ ಗುರಿಯಿಟ್ಟು ಬಿಟ್ಟ ಬಾಣ ಮರಕ್ಕೆ ತಾಗಿ ಪಕ್ಕಕ್ಕೆ ಹಾರಿ, ಒಂಬತ್ತು ವರ್ಷದ ಹುಡುಗಿಯ ಕಣ್ಣಿಗೆ ನಾಟಿದೆ. ಆ ಕಣ್ಣು ಹೋಗಿದೆ.

ಪೊಲೀಸ್ ಠಾಣೆಯಲ್ಲಿ ಈ ಪ್ರಕರಣ ಬೇಗ ಮುಗಿಯುತ್ತದೆ. ಭಾರತೀಯ ನ್ಯಾಯ ಸಂಹಿತೆಯ 20ನೇ ಕಲಮಿನಂತೆ ಏಳು ವರ್ಷದೊಳಗಿನ ಮಗುವಿನ ಯಾವ ಕೃತ್ಯವೂ ಅಪರಾಧವಲ್ಲ. ಏಳರಿಂದ ಹನ್ನೆರಡರ ನಡುವಿನ ಮಗುವಿಗೆ ತನ್ನ ಕೃತ್ಯದ ಸ್ವರೂಪ, ಪರಿಣಾಮ ತಿಳಿಯುವಷ್ಟು ಬುದ್ಧಿ ಬಲಿತಿರಲಿಲ್ಲ ಎಂದಾದರೆ 21ನೇ ಕಲಮು ಅದನ್ನೂ ಬಿಡುತ್ತದೆ. ಮನಸ್ಸಿನ ಸ್ವಾಸ್ಥ್ಯ ಕೆಟ್ಟವರಿಗೆ 22ನೇ ಕಲಮು ರಕ್ಷಣೆ ಕೊಡುತ್ತದೆ. ಹುಡುಗಿಯ ಮನೆಯವರು ಠಾಣೆಯಿಂದ ಹೊರಬರುವಾಗ ‘ಇನ್ನೇನೂ ಮಾಡುವ ಹಾಗಿಲ್ಲ’ ಎಂದುಕೊಂಡೇ ಬರುತ್ತಾರೆ. ಎಷ್ಟೋ ಸಲ ಹಾಗೆಂದು ಅವರಿಗೆ ಹೇಳಿ ಕಳಿಸುವವರೂ ಇರುತ್ತಾರೆ. ಅದು ತಪ್ಪು. ಶಿಕ್ಷೆಯಿಂದ ಪಾರಾದವನು ಪರಿಹಾರದಿಂದಲೂ ಪಾರಾದ ಎಂದು ಯಾವ ಕಾನೂನೂ ಹೇಳುವುದಿಲ್ಲ. ಕರಾರಿನ ವಿಷಯದಲ್ಲಿ ಅಪ್ರಾಪ್ತನನ್ನು ಕಟ್ಟಿಹಾಕಲಾಗದು, ನಿಜ. ಟಾರ್ಟ್ ದಾವೆಯಲ್ಲಿ, ಅಂದರೆ ಒಬ್ಬರು ಇನ್ನೊಬ್ಬರಿಗೆ ಮಾಡಿದ ಹಾನಿಗೆ ಹಣದ ಪರಿಹಾರ ಕೇಳುವ ದಾವೆಯಲ್ಲಿ, ವಯಸ್ಸೊಂದೇ ಯಾರನ್ನೂ ಉಳಿಸುವುದಿಲ್ಲ.

ಆದರೂ ಈ ಹುಡುಗ ಸೋಲುತ್ತಾನೆಯೇ? 1966ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್ ಇದಕ್ಕೆ ತುಂಬ ಹತ್ತಿರದ ಪ್ರಕರಣವೊಂದನ್ನು ತೀರ್ಮಾನಿಸಿತು. ಅದು ಮ್ಯಾಕ್‌ಹೇಲ್ ವಿರುದ್ಧ ವಾಟ್ಸನ್. ಹನ್ನೆರಡು ವರ್ಷದ ಹುಡುಗ ಮೊನೆ ಮಾಡಿದ ಉಕ್ಕಿನ ಸಲಾಕೆಯೊಂದನ್ನು ಮರದ ಕಂಬಕ್ಕೆ ಎಸೆದ. ಅದು ಕಂಬಕ್ಕೆ ಚುಚ್ಚಿಕೊಳ್ಳದೆ ಹಾರಿ ಒಂಬತ್ತು ವರ್ಷದ ಹುಡುಗಿಯ ಕಣ್ಣನ್ನು ಕಳೆಯಿತು. ವಯಸ್ಕನಾದವನು ಹೇಗೆ ಎಚ್ಚರ ವಹಿಸುತ್ತಿದ್ದ ಎಂದು ಕೋರ್ಟ್ ಕೇಳಲಿಲ್ಲ. ಆ ವಯಸ್ಸಿನ ಸಾಮಾನ್ಯ ಹುಡುಗನೊಬ್ಬ ಏನನ್ನು ಮುಂಗಾಣುತ್ತಿದ್ದ ಎಂದು ಕೇಳಿ, ಹುಡುಗ ಹೊಣೆಯಲ್ಲ ಎಂದಿತು. ಬಾಲ್ಯ ಒಬ್ಬನ ವೈಯಕ್ತಿಕ ಕೊರತೆಯಲ್ಲ, ಎಲ್ಲರೂ ಹಾದುಹೋಗುವ ಹಂತ ಎಂಬುದು ಅದರ ಹಿಂದಿನ ವಿಚಾರ. ಟಾರ್ಟ್ ಕಾನೂನನ್ನು ನಾವು ಬರೆದಿಟ್ಟುಕೊಂಡಿಲ್ಲ. ನ್ಯಾಯ, ಸಮಾನತೆ, ಸದಸದ್ವಿವೇಕ ಎಂಬ ಹಳೆಯ ಸೂತ್ರ ಹಿಡಿದು ಇಂಥ ತೀರ್ಪುಗಳನ್ನೇ ನಮ್ಮ ಕೋರ್ಟುಗಳ ಮುಂದೆ ಇಡುತ್ತೇವೆ.

ಹಾಗಾಗಿ ಹುಡುಗಿಯ ಪರ ವಕೀಲರು ಹುಡುಗನೊಬ್ಬನನ್ನೇ ಪ್ರತಿವಾದಿ ಮಾಡಿದರೆ ಬರಿಗೈಯಲ್ಲಿ ಬರುವ ಸಂಭವವೇ ಹೆಚ್ಚು. ನೋಡಬೇಕಾದದ್ದು ಅಪ್ಪನ ನಡೆಯನ್ನು. ಅಪ್ಪ ಎಂಬ ಒಂದೇ ಕಾರಣಕ್ಕೆ ಮಗನ ತಪ್ಪು ಅವನ ತಲೆಗೆ ಬರುವುದಿಲ್ಲ. ಮೊನೆಯಿದ್ದ ಬಾಣವನ್ನು ಎಂಟರ ಮಗುವಿನ ಕೈಗಿಟ್ಟು, ಜನ ತುಂಬಿದ ಕಡೆ ಮಗುವನ್ನು ಒಂಟಿಯಾಗಿ ಬಿಟ್ಟು ಹೋರಿಯ ಬೆಲೆ ಕುದುರಿಸಲು ಹೋದ ಎಂದಾದರೆ, ಅದು ಅವನದೇ ನಿರ್ಲಕ್ಷ್ಯ. ಬಾಣದ ಮೊನೆ ಹೇಗಿತ್ತು, ಅದನ್ನು ಕೊಡಿಸಿದವರು ಯಾರು, ಅದಕ್ಕೆ ಮುಂಚೆ ಯಾರಾದರೂ ಗದರಿಸಿದ್ದರೇ, ಆ ಹೊತ್ತಿಗೆ ಅಪ್ಪ ಎಷ್ಟು ದೂರದಲ್ಲಿದ್ದ ಎಂಬುದರ ಮೇಲೆ ದಾವೆ ನಿಲ್ಲುತ್ತದೆ. ಈ ಸಾಕ್ಷ್ಯ ಜಾತ್ರೆ ಚದುರುವುದರೊಳಗೆ ಚದುರಿಹೋಗುತ್ತದೆ. ಗಾಯಗೊಂಡ ಹುಡುಗಿ ಅಪ್ರಾಪ್ತಳಾದ್ದರಿಂದ ಕಾಲಮಿತಿ ಕಾಯ್ದೆಯ 6 ಮತ್ತು 8ನೇ ಕಲಮುಗಳಂತೆ ಹದಿನೆಂಟು ತುಂಬಿ ಮೂರು ವರ್ಷದವರೆಗೂ ಅವಳಿಗೆ ಅವಕಾಶವಿದೆ. ಆ ಭರವಸೆಯಲ್ಲಿ ದಾವೆಯನ್ನು ಮುಂದೂಡುವುದು ಅವಳಿಗೆ ಮಾಡುವ ಅನ್ಯಾಯ. ಕಾಲ ಉಳಿದಿರುತ್ತದೆ, ಸಾಕ್ಷಿಗಳು ಉಳಿದಿರುವುದಿಲ್ಲ.

ನಮ್ಮ ಕೋರ್ಟುಗಳಲ್ಲಿ ಮತ್ತೆ ಮತ್ತೆ ಎಡವುವ ಒಂದು ಜಾಗವಿದೆ. ಅಪ್ರಾಪ್ತ ಪ್ರತಿವಾದಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದ 3ನೇ ನಿಯಮದಂತೆ ಕೋರ್ಟ್ ಗಾರ್ಡಿಯನ್ ನೇಮಿಸಬೇಕು. ನೇಮಕವೇ ಇಲ್ಲದೆ ಬಂದ ಡಿಕ್ರಿ ಅವನ ಮಟ್ಟಿಗೆ ಶೂನ್ಯ. ಸಾಮಾನ್ಯವಾಗಿ ಯೋಚಿಸದೆ ಅಪ್ಪನ ಹೆಸರನ್ನೇ ಬರೆದುಬಿಡುತ್ತೇವೆ. ನಮ್ಮ ಪ್ರಸಂಗದಲ್ಲಿ ಅಪ್ಪನೂ ಪ್ರತಿವಾದಿ. ‘ಬೇಡ ಎಂದರೂ ಕೇಳದೆ ಹುಡುಗನೇ ಹಾಗೆ ಮಾಡಿದ’ ಎಂದರೆ ಅಪ್ಪ ಉಳಿಯುತ್ತಾನೆ. ‘ಏನೂ ತಿಳಿಯದ ಮಗು, ನೋಡಿಕೊಳ್ಳಬೇಕಾದವನು ಅಪ್ಪ’ ಎಂದರೆ ಮಗ ಉಳಿಯುತ್ತಾನೆ. ಈ ಎರಡು ಮಾತನ್ನೂ ಒಬ್ಬನೇ ಆಡಲಾಗದು. ಹಿತಾಸಕ್ತಿ ಎದುರುಬದುರಾಗಿರುವವರನ್ನು ಗಾರ್ಡಿಯನ್ ಮಾಡಬಾರದು ಎಂದು 4ನೇ ನಿಯಮವೇ ಹೇಳುತ್ತದೆ. ಅಜ್ಜನೋ ಸೋದರಮಾವನೋ, ಯಾರೂ ಒಪ್ಪದಿದ್ದರೆ ಕೋರ್ಟ್ ನೇಮಿಸಿದ ವಕೀಲರೋ ಮಗುವಿನ ಪರ ನಿಲ್ಲಬೇಕು.

ಇದನ್ನು ನಮ್ಮ ಜಿಲ್ಲೆಯಲ್ಲಿ ಒತ್ತಿ ಹೇಳಲು ಕಾರಣವಿದೆ. ಮಗುವಿನ ಬಳಿ ಏನಿದೆ, ಡಿಕ್ರಿ ಆದರೂ ವಸೂಲಿ ಎಲ್ಲಿಂದ ಎಂದು ಕೇಳುವವರಿದ್ದಾರೆ. ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ವಿಮಾನ ನಿಲ್ದಾಣ ಬಂದ ಮೇಲೆ ಜಮೀನಿನ ಬೆಲೆ ಏನಾಗಿದೆ ಎಂಬುದು ಇಲ್ಲಿ ಕುಳಿತ ಎಲ್ಲರಿಗೂ ಗೊತ್ತು. ಪಿತ್ರಾರ್ಜಿತ ಜಮೀನಿನಲ್ಲಿ ಎಂಟರ ಹುಡುಗನಿಗೂ ಹುಟ್ಟಿನಿಂದಲೇ ಪಾಲಿದೆ. ಪಾಲಾಗದ ಆ ಹಿಸ್ಸೆಯನ್ನೂ ಅಮಲ್ಜಾರಿಯಲ್ಲಿ ಜಪ್ತಿ ಮಾಡಬಹುದು. ಡಿಕ್ರಿಗೆ ಹನ್ನೆರಡು ವರ್ಷ ಆಯುಸ್ಸು. ಗಾರ್ಡಿಯನ್ ಕಾಟಾಚಾರಕ್ಕೆ ಸಹಿ ಹಾಕಿ ಹೋದರೆ, ಹುಡುಗ ಇಪ್ಪತ್ತು ದಾಟುವ ಹೊತ್ತಿಗೆ ತನ್ನ ಪಾಲು ಹರಾಜಿಗೆ ಬಂದದ್ದನ್ನು ನೋಡಬೇಕಾದೀತು.

ಇದೇ ಹುಡುಗ ಹದಿನೈದಕ್ಕೆ ಬಂದು ಚಿಕ್ಕಪ್ಪನ ಬೈಕ್ ಹತ್ತಿ ದೊಡ್ಡಬಳ್ಳಾಪುರದ ರಸ್ತೆಯಲ್ಲಿ ಯಾರಿಗಾದರೂ ಗುದ್ದಿದರೆ ಚಿತ್ರವೇ ಬದಲಾಗುತ್ತದೆ. ಬೀಗದ ಕೈಯನ್ನು ನನಗೆ ಹೇಳದೆ ಒಯ್ದ ಎಂಬ ಮಾಲೀಕನ ವಾದವನ್ನು 2011ರ ಜವಾಹರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ವಾಹನ ಅಪ್ರಾಪ್ತನ ಕೈಗೆ ಸಿಗದಂತೆ ನೋಡಿಕೊಳ್ಳುವುದು ಮಾಲೀಕನ ಹೊಣೆ ಎಂದಿತು. ಲೈಸೆನ್ಸ್‌ನಂಥ ಷರತ್ತು ಮುರಿದಿದ್ದರೂ ವಿಮಾ ಕಂಪನಿ ಮೊದಲು ಗಾಯಾಳುವಿಗೆ ಹಣ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ 2020ರ ಯಲ್ಲವ್ವ ಪ್ರಕರಣದಲ್ಲಿ ಹೇಳಿತು. 2019ರಲ್ಲಿ ಸೇರಿದ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನಡಿ ಪೋಷಕರಿಗೆ, ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ ಬೇರೆ. ಹುಡುಗನ ಬುದ್ಧಿ ಬಲಿತಿತ್ತೇ ಎಂಬ ಜಿಜ್ಞಾಸೆ ಇಲ್ಲಿ ಹಿಂದೆ ಸರಿಯುತ್ತದೆ. ಕಾರಣ ಸರಳ. ರಸ್ತೆಯ ಹಾನಿಗೆ ವಿಮೆ ಕಡ್ಡಾಯ, ಹಾಗಾಗಿ ಹಣ ಕೊಡುವವರು ಮೊದಲೇ ಗೊತ್ತಾಗಿದ್ದಾರೆ.

ಈಗ ಅದೇ ಜಾತ್ರೆಯಲ್ಲಿ ಮೂವತ್ತೈದರ ಒಬ್ಬ ಮನುಷ್ಯನನ್ನು ನೋಡಿ. ಸ್ಕಿಜೋಫ್ರೇನಿಯಾ ಇರುವವನು, ಮಾತ್ರೆ ಬಿಟ್ಟಿದ್ದಾನೆ. ಹೂವಿನ ಅಂಗಡಿಯಾಕೆ ತನಗೆ ಮಾಟ ಮಾಡುತ್ತಿದ್ದಾಳೆ ಎಂಬ ಧ್ವನಿ ಅವನಿಗೆ ಕೇಳುತ್ತದೆ. ಕಲ್ಲೆತ್ತಿ ಎಸೆಯುತ್ತಾನೆ. ಆಕೆಯ ತಲೆ ಒಡೆಯುತ್ತದೆ. ಇಲ್ಲಿ ಕಾನೂನು ಬಳಸುವ ಅಳತೆ ಬೇರೆ. 1952ರ ಮಾರಿಸ್ ವಿರುದ್ಧ ಮಾರ್ಸ್‌ಡನ್ ಪ್ರಕರಣದಲ್ಲಿ ಸ್ಕಿಜೋಫ್ರೇನಿಯಾ ಇದ್ದ ವ್ಯಕ್ತಿ ಹೋಟೆಲಿನ ಮ್ಯಾನೇಜರನ ಮೇಲೆ ಹಲ್ಲೆ ಮಾಡಿದ್ದ. ಕ್ರಿಮಿನಲ್ ವಿಚಾರಣೆ ಎದುರಿಸುವ ಸ್ಥಿತಿಯಲ್ಲೇ ಅವನಿರಲಿಲ್ಲ. ಆದರೂ ಹೊಡೆಯುತ್ತಿದ್ದೇನೆ ಎಂಬುದು ಅವನಿಗೆ ತಿಳಿದಿತ್ತು, ಅದು ತಪ್ಪೆಂದು ತಿಳಿಯದಿದ್ದರೂ ಪರಿಹಾರ ಕೊಡಬೇಕು ಎಂದಿತು ಇಂಗ್ಲೆಂಡಿನ ಕೋರ್ಟ್. ನಿರ್ಲಕ್ಷ್ಯದ ದಾವೆಯಲ್ಲೂ 2015ರ ಡನೇಜ್ ವಿರುದ್ಧ ರ‍್ಯಾಂಡಲ್ ತೀರ್ಪು ಇದೇ ದಾರಿ ಹಿಡಿಯಿತು. ರೋಗ ಮನುಷ್ಯನ ಹೊಣೆಯನ್ನು ಪೂರ್ತಿ ಅಳಿಸಿಹಾಕಿದ್ದರೆ ಮಾತ್ರ ಬಿಡುಗಡೆ. ಇಲ್ಲವಾದರೆ ಅವನನ್ನು ಆರೋಗ್ಯವಂತನ ಅಳತೆಯಲ್ಲೇ ಅಳೆಯಬೇಕು. ಮಗುವಿಗೆ ಮಗುವಿನ ಅಳತೆ, ರೋಗಿಗೆ ರೋಗವಿಲ್ಲದವನ ಅಳತೆ. ಈ ವ್ಯತ್ಯಾಸ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ.

ಹಾಗೆಂದು ಹೂವಿನಾಕೆಯನ್ನು ಬರಿಗೈಯಲ್ಲಿ ಕಳಿಸಲು ನಾನು ಒಪ್ಪುವುದಿಲ್ಲ. ಅವಳ ತಲೆಯ ಗಾಯಕ್ಕೆ ಎಸೆದವನ ಮನಃಸ್ಥಿತಿಯಿಂದ ಏನೂ ಕಡಿಮೆಯಾಗುವುದಿಲ್ಲ. ಜರ್ಮನಿಯ ಸಿವಿಲ್ ಸಂಹಿತೆಯ 829ನೇ ಕಲಮಿನ ದಾರಿ ನನಗೆ ಸರಿ ಕಾಣುತ್ತದೆ. ಹೊಣೆ ಹೊರುವ ಸ್ಥಿತಿಯಲ್ಲಿಲ್ಲದವನೂ, ಇಬ್ಬರ ಪರಿಸ್ಥಿತಿ ನೋಡಿದಾಗ ನ್ಯಾಯವೆನಿಸುವಷ್ಟು ಕೊಡಬೇಕು, ಅವನ ಜೀವನೋಪಾಯಕ್ಕೆ ಬೇಕಾದದ್ದನ್ನು ಮಾತ್ರ ಕಿತ್ತುಕೊಳ್ಳಬಾರದು ಎನ್ನುತ್ತದೆ ಅದು. ಡನೇಜ್ ಪ್ರಕರಣದಲ್ಲಿ ಹಣ ಕೊಡಬೇಕಾಗಿ ಬಂದದ್ದು ರೋಗಿಯ ಮನೆಯ ವಿಮೆಯ ಕಂಪನಿ ಎಂಬುದನ್ನೂ ಮರೆಯಬಾರದು. ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯ 21ನೇ ಕಲಮು ರೋಗಿಯ ಚಿಕಿತ್ಸೆಗೆ ವಿಮೆ ಕೊಡಿ ಎನ್ನುತ್ತದೆ. ಅವನಿಂದ ಇನ್ನೊಬ್ಬರಿಗೆ ಆದ ಹಾನಿಯ ಮಾತು ಅದರಲ್ಲಿಲ್ಲ.

ಹಾಗಾದರೆ ಮನೆಯವರನ್ನೇ ಹೊಣೆ ಮಾಡೋಣ ಎಂಬ ಸಲಹೆ ಬರುತ್ತದೆ. ಅದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಅವನು ಯಾರನ್ನೋ ಹೊಡೆಯುತ್ತೇನೆ ಎಂದು ಹೇಳಿದ್ದು ತಿಳಿದೂ ಕೈಗೆ ಕುಡುಗೋಲು ಕೊಟ್ಟವರ ಮಾತು ಬೇರೆ. ಕೇವಲ ಸಾಕುತ್ತಿದ್ದಾರೆ ಎಂಬ ಕಾರಣಕ್ಕೆ ತಾಯಿಯ ಮೇಲೆ ಲಕ್ಷಾಂತರ ರೂಪಾಯಿಯ ಭಯ ಹೊರಿಸಿದರೆ ಅವಳು ಮಗನನ್ನು ಕಟ್ಟಿಹಾಕುತ್ತಾಳೆ, ಇಲ್ಲವೇ ಎಲ್ಲಾದರೂ ಬಿಟ್ಟುಬರುತ್ತಾಳೆ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಎರವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿ ಬಿಗಿದಿದ್ದ 28 ರೋಗಿಗಳು ಓಡಲಾಗದೆ ಸತ್ತರು. 2017ರ ಕಾಯ್ದೆಯ 95ನೇ ಕಲಮು ಸರಪಳಿಯನ್ನು ಯಾವ ರೂಪದಲ್ಲೂ ನಿಷೇಧಿಸಿದೆ. ಒಂದು ಕೈಯಲ್ಲಿ ಸರಪಳಿ ಬಿಚ್ಚಿಸಿ, ಇನ್ನೊಂದು ಕೈಯಲ್ಲಿ ಅದನ್ನೇ ಬಿಗಿಯಲು ಹೆದರಿಸುವ ಕಾನೂನು ನಮಗೆ ಬೇಡ.

ಕೊನೆಗೆ, ಇಂದು ಇಲ್ಲಿ ಜೊತೆಗೂಡಿರುವ ವೈದ್ಯರಲ್ಲೂ ವಕೀಲರಲ್ಲೂ ಒಂದು ಕೆಲಸ ಬೇಡುತ್ತೇನೆ. ಹೂವಿನಾಕೆಯ ದಾವೆಯಲ್ಲಿ ಆ ಮನುಷ್ಯನಿಗೆ ಗಾರ್ಡಿಯನ್ ಬೇಕೇ ಎಂದು 32ನೇ ಆದೇಶದ 15ನೇ ನಿಯಮದಂತೆ ಕೋರ್ಟ್ ವಿಚಾರಣೆ ನಡೆಸಬೇಕು. ಸಾಮಾನ್ಯವಾಗಿ ಆಗುವುದೇನೆಂದರೆ, ಆಸ್ಪತ್ರೆಯ ಹಳೆಯ ಚೀಟಿಯಲ್ಲಿರುವ ರೋಗದ ಹೆಸರು ನೋಡಿ ಗಾರ್ಡಿಯನ್ ನೇಮಕವಾಗುತ್ತದೆ. ಮಾನಸಿಕ ರೋಗ ಇದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಅಸ್ವಸ್ಥಚಿತ್ತರೆಂದು ತಿಳಿಯಬಾರದು ಎಂದು 2017ರ ಕಾಯ್ದೆಯ 3ನೇ ಕಲಮಿನ 5ನೇ ಉಪಕಲಮು ಸ್ಪಷ್ಟವಾಗಿ ಹೇಳಿದೆ. ಚಿಕಿತ್ಸೆಯಿಂದ ಸುಧಾರಿಸಿದ ಅವನು ಇಂದು ತನ್ನ ವಕೀಲರಿಗೆ ತಾನೇ ವಿವರ ಹೇಳಬಲ್ಲವನಾಗಿರಬಹುದು, ಕಲ್ಲೆಸೆದ ದಿನ ಹಾಗಿರದೆ ಇದ್ದಿರಬಹುದು. ಕೋರ್ಟ್ ಕೇಳಬೇಕಾದದ್ದು ಎರಡು ಬೇರೆ ದಿನಗಳ ಬಗ್ಗೆ. ಈಗ ಸಮನ್ಸ್ ಏನೆಂದು ಅವನಿಗೆ ಅರ್ಥವಾಗುತ್ತದೆಯೇ, ರಾಜಿಗೆ ಒಪ್ಪಿದರೆ ತಾನೇನು ಕಳೆದುಕೊಳ್ಳುತ್ತೇನೆ ಎಂದು ಹೇಳಬಲ್ಲನೇ ಎಂಬುದು ಒಂದು. ಅಂದು ಕೈಯಲ್ಲಿರುವುದು ಕಲ್ಲು, ಎದುರಿಗಿರುವುದು ಒಬ್ಬ ಹೆಂಗಸು ಎಂದು ಅವನಿಗೆ ಗೊತ್ತಿತ್ತೇ ಎಂಬುದು ಇನ್ನೊಂದು. ಈಗ ಬರುವ ವರದಿಗಳಲ್ಲಿ ಇವೆರಡೂ ಒಂದೇ ವಾಕ್ಯದಲ್ಲಿ ಕಲಸಿಹೋಗಿರುತ್ತವೆ. ಮಧ್ಯಾಹ್ನದ ಗೋಷ್ಠಿ ಮುಗಿಯುವುದರೊಳಗೆ, ಈ ಎರಡಕ್ಕೂ ಪ್ರತ್ಯೇಕ ಉತ್ತರ ಕೇಳುವ ಒಂದು ಪುಟದ ನಮೂನೆಯನ್ನು ನೀವು ಕನ್ನಡದಲ್ಲಿ ಸಿದ್ಧಪಡಿಸಿದರೆ, ಅದನ್ನು ಮೊದಲು ದೊಡ್ಡಬಳ್ಳಾಪುರದ ಸಿವಿಲ್ ಕೋರ್ಟಿನ ಮುಂದಿಟ್ಟು ನೋಡೋಣ.