ನೋಡುವವರು ಯಾರು, ನೋಡದವರು ಯಾರು?

(ಸುದ್ದಿಯನ್ನು ಬಿಡಿಸಿ ಹೇಳುವ ಯೂಟ್ಯೂಬ್ ವಾಹಿನಿಗಳನ್ನು ನಡೆಸಲು ಹೊರಟಿರುವ ಮಲೆನಾಡಿನ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



ಕಸ್ತೂರಿರಂಗನ್ ವರದಿ, ಅರಣ್ಯ ಹಕ್ಕು, ಮಂಗನ ಕಾಯಿಲೆ, ಅಡಿಕೆಯ ಎಲೆಚುಕ್ಕಿ ರೋಗ - ಇವುಗಳನ್ನು ಸರಳ ಕನ್ನಡದಲ್ಲಿ ಬಿಡಿಸಿ ಹೇಳುವ ಕೆಲಸಕ್ಕೆ ನೀವು ಕೈಹಾಕಿದ್ದೀರಿ. ತಿಂಗಳಿಗೆ ಎಂಟು ವಿಡಿಯೊ ಮಾಡುವಷ್ಟು ಶಕ್ತಿ ನಿಮ್ಮಲ್ಲಿದೆ ಎಂದುಕೊಳ್ಳೋಣ. ಆ ಎಂಟರಲ್ಲಿ ಯಾವ ವಿಷಯಕ್ಕೆ ಎಷ್ಟು ಪಾಲು ಎಂಬುದನ್ನು ತೀರ್ಮಾನಿಸುವುದು ಹೇಗೆ? ಯೂಟ್ಯೂಬ್ ವೀಕ್ಷಕರ ವಯಸ್ಸು, ಲಿಂಗ, ಊರು ಎಂಬ ಮೂರು ಬಗೆಯ ಅಂಕಿಗಳನ್ನು ಕೊಡುತ್ತದೆ. ಈ ಮೂರನ್ನು ಕೂಡಿಸಿ ಓದುವ ಬಗೆಯನ್ನೂ ಹಾಗೆ ಓದುವಾಗ ನಾವು ಬೀಳುವ ಹಳ್ಳಗಳನ್ನೂ ಒಂದು ಲೆಕ್ಕದ ಮೂಲಕ ತೋರಿಸುತ್ತೇನೆ. ಲೆಕ್ಕದ ವಾಹಿನಿಯೂ ಅದರ ಅಂಕಿಗಳೂ ಕಲ್ಪಿತ. ವಿಧಾನವನ್ನು ತಿಳಿಯುವುದಕ್ಕಾಗಿ ಮಾತ್ರ.

ಈ ವಾಹಿನಿಯ ಮೂರು ತಿಂಗಳ ಅಂಕಿಗಳು ಹೀಗಿವೆ ಎನ್ನೋಣ. ನೂರು ವೀಕ್ಷಣೆಗಳಲ್ಲಿ 78 ಗಂಡಸರದು, 22 ಹೆಂಗಸರದು. ಹದಿನೆಂಟರಿಂದ ಮೂವತ್ತನಾಲ್ಕು ವಯಸ್ಸಿನವರು 62; ನಲವತ್ತೈದು ದಾಟಿದವರು 15. ಬೆಂಗಳೂರಿನಿಂದ ಬಂದದ್ದು 46, ಶಿವಮೊಗ್ಗದಿಂದ 9, ಉಳಿದದ್ದು ಚದುರಿಹೋಗಿದೆ. ಇದನ್ನು ಕಂಡೊಡನೆ ತಂಡದಲ್ಲಿ ಒಬ್ಬರಾದರೂ ಹೇಳುವ ಮಾತು ಇದು: "ನಮ್ಮ ವೀಕ್ಷಕ ಬೆಂಗಳೂರಿನ ಯುವಕ. ಅವನಿಗೆ ಚಾರಣ ಬೇಕು, ರಾಜಕೀಯ ಬೇಕು. ಮಂಗನ ಕಾಯಿಲೆ ಯಾರಿಗೆ ಬೇಕು?"

ಈ ತೀರ್ಮಾನ ತಪ್ಪು. ಯೂಟ್ಯೂಬ್ ಕೊಟ್ಟಿರುವುದು ವಯಸ್ಸು ಮತ್ತು ಲಿಂಗದ ಪಟ್ಟಿಯೊಂದು, ಊರುಗಳ ಪಟ್ಟಿ ಇನ್ನೊಂದು. ಬೆಂಗಳೂರಿನಲ್ಲಿ ನೋಡಿದವರ ಪೈಕಿ ಯುವಕರೆಷ್ಟು, ಶಿವಮೊಗ್ಗದಲ್ಲಿ ನೋಡಿದವರ ಪೈಕಿ ಹೆಂಗಸರೆಷ್ಟು ಎಂದು ಅದು ಹೇಳಿಲ್ಲ. ನಾವು ಎರಡು ಪಟ್ಟಿಗಳ ತುದಿಗಳನ್ನು ಮನಸ್ಸಿನಲ್ಲೇ ಗಂಟುಹಾಕಿ ಒಬ್ಬ ಮನುಷ್ಯನನ್ನು ಸೃಷ್ಟಿಸಿಕೊಂಡೆವು. ಅವನು ನಿಜಕ್ಕೂ ಎಷ್ಟಿದ್ದಾನೆ? ಯುವಕರಲ್ಲದವರು 38, ಗಂಡಸರಲ್ಲದವರು 22, ಬೆಂಗಳೂರಿನವರಲ್ಲದವರು 54, ಒಟ್ಟು 114. ಇದು ನೂರನ್ನು ಮೀರಿರುವುದರಿಂದ, ಪ್ರತಿಯೊಬ್ಬ ವೀಕ್ಷಕನೂ ಈ ಮೂರರಲ್ಲಿ ಒಂದು ಗುಂಪಿಗೆ ಸೇರಿರುವುದು ಸಾಧ್ಯ. ಅಂದರೆ 'ಬೆಂಗಳೂರಿನ ಯುವಕ' ಒಬ್ಬನೂ ಇಲ್ಲದಿರಬಹುದು. ಹೆಚ್ಚೆಂದರೆ ಅವನು ನೂರರಲ್ಲಿ 46. ಸೊನ್ನೆಗೂ ನಲವತ್ತಾರಕ್ಕೂ ನಡುವೆ ಎಲ್ಲಿದ್ದಾನೆಂದು ಈ ಪಟ್ಟಿಗಳಿಂದ ತಿಳಿಯದು. ಒಂದು ಗುಣ ಮತ್ತೊಂದನ್ನು ಅವಲಂಬಿಸಿಲ್ಲ ಎಂದು ಊಹಿಸಿ ಗುಣಿಸಿದರೂ ಸಿಗುವುದು 22 ಮಾತ್ರ. ಒಟ್ಟಿನಲ್ಲಿ, ನೂರರಲ್ಲಿ 54ಕ್ಕಿಂತ ಕಡಿಮೆಯಿಲ್ಲದಷ್ಟು ಮಂದಿ ಆ ಕಲ್ಪನೆಯ ಹೊರಗಿನವರು.

ಹಾಗಾದರೆ ಕೂಡಿಸಿ ಓದುವುದು ಹೇಗೆ? ಇಡೀ ವಾಹಿನಿಯ ಸರಾಸರಿಯನ್ನು ಬದಿಗಿಟ್ಟು, ವಿಷಯದಿಂದ ವಿಷಯಕ್ಕೆ ಆಗುವ ಬದಲಾವಣೆಯನ್ನು ನೋಡಬೇಕು. ಪ್ರತಿ ವಿಡಿಯೊಗೂ ವಯಸ್ಸು, ಲಿಂಗ, ಊರಿನ ಪಟ್ಟಿ ಪ್ರತ್ಯೇಕವಾಗಿ ಸಿಗುತ್ತದೆ. ಆ ವಿಡಿಯೊದಲ್ಲಿ ಒಂದು ಗುಂಪಿನ ಪಾಲನ್ನು ವಾಹಿನಿಯಲ್ಲಿ ಅದೇ ಗುಂಪಿನ ಪಾಲಿನಿಂದ ಭಾಗಿಸಿ. ಒಂದಕ್ಕಿಂತ ಹೆಚ್ಚು ಬಂದರೆ ಆ ವಿಷಯ ಅವರನ್ನು ಎಂದಿಗಿಂತ ಹೆಚ್ಚು ಸೆಳೆದಿದೆ. ಕಡಿಮೆ ಬಂದರೆ ದೂರವಿಟ್ಟಿದೆ.

ಮಂಗನ ಕಾಯಿಲೆಯ ವಿಡಿಯೊ ತೆಗೆದುಕೊಳ್ಳಿ. ಅಲ್ಲಿ ಹೆಂಗಸರು 33, ವಾಹಿನಿಯಲ್ಲಿ 22, ಭಾಗಿಸಿದರೆ ಒಂದೂವರೆ. ನಲವತ್ತೈದು ದಾಟಿದವರು 24, ವಾಹಿನಿಯಲ್ಲಿ 15, ಒಂದೂವರೆಗಿಂತ ತುಸು ಹೆಚ್ಚು. ಶಿವಮೊಗ್ಗ 18, ವಾಹಿನಿಯಲ್ಲಿ 9, ಎರಡು. ಮೂರು ಅಂಕಿಗಳೂ ಒಂದೇ ದಿಕ್ಕಿಗೆ ಬಾಗಿವೆ. ಇದಕ್ಕೆ ನೆಲದ ಮೇಲೆ ಕಾರಣವೂ ಇದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಕಾಯಿಲೆಯಿದು. ದರಗು, ಸೌದೆಗೆಂದು ಕಾಡಿಗೆ ಹೋಗುವವರ ಮೈಗೆ ಉಣುಗು ಹತ್ತಿ ಹರಡುತ್ತದೆ. ಆ ಕೆಲಸ ಮಾಡುವವರಲ್ಲಿ ಹೆಂಗಸರು ಬಹಳ. ಅಂಕಿಯೂ ಅನುಭವವೂ ಹೊಂದಿಕೊಂಡಾಗ ಅಂಕಿಯನ್ನು ಸ್ವಲ್ಪ ನಂಬಬಹುದು.

ಈಗ ಪರಿಸರ ಸೂಕ್ಷ್ಮ ಪ್ರದೇಶದ ವಿಡಿಯೊ. 2014ರಿಂದ 2024ರ ಜುಲೈ 31ರ ತನಕ ಕೇಂದ್ರ ಸರ್ಕಾರ ಹೊರಡಿಸಿದ ಆರು ಕರಡು ಅಧಿಸೂಚನೆಗಳ ಕಥೆ ಅದರಲ್ಲಿದೆ. ಹೆಂಗಸರ ಪಾಲು 11. ಭಾಗಿಸಿದರೆ ಅರ್ಧ. "ಹೆಂಗಸರಿಗೆ ಈ ವಿಷಯ ಬೇಡ" ಎಂದು ಬರೆದು ಮುಗಿಸಿಬಿಡಬಹುದೇ? ತಾಳಿ. ಮಂಗನ ಕಾಯಿಲೆಯ ವಿಡಿಯೊಗೆ ಒಟ್ಟು 4,000 ವೀಕ್ಷಣೆ, ಇದಕ್ಕೆ 12,000. ನಾಲ್ಕು ಸಾವಿರದಲ್ಲಿ ಶೇಕಡಾ 33 ಎಂದರೆ 1,320. ಹನ್ನೆರಡು ಸಾವಿರದಲ್ಲಿ ಶೇಕಡಾ 11 ಎಂದರೂ 1,320! ಎರಡಕ್ಕೂ ಬಂದ ಹೆಂಗಸರ ವೀಕ್ಷಣೆಗಳು ಸಮಸಮ. ಎರಡನೆಯದರಲ್ಲಿ ಗಂಡಸರ ಸಂಖ್ಯೆ ಉಬ್ಬಿದ್ದರಿಂದ ಹೆಂಗಸರ ಪಾಲು ಕುಗ್ಗಿದಂತೆ ಕಂಡಿತು, ಅಷ್ಟೆ. ಆದ್ದರಿಂದ ಪಾಲನ್ನೂ ಎಣಿಕೆಯನ್ನೂ ಜೊತೆಗಿಟ್ಟು ನೋಡದೆ ತೀರ್ಪು ಕೊಡಬಾರದು.

ಮೂರನೆಯ ಅಂಕಿಯೊಂದಿದೆ: ಬಂದವರು ವಿಡಿಯೊದ ಎಷ್ಟು ಭಾಗ ನೋಡಿದರು ಎಂಬುದು. ಇದು ಕೂಡ ವಯಸ್ಸು, ಲಿಂಗದ ಪ್ರಕಾರ ಸಿಗುತ್ತದೆ. ಮಂಗನ ಕಾಯಿಲೆಯದನ್ನು ಹೆಂಗಸರು ಸರಾಸರಿ ಶೇಕಡಾ 60ರಷ್ಟು ನೋಡಿದ್ದಾರೆ. ಸೂಕ್ಷ್ಮ ಪ್ರದೇಶದ್ದನ್ನು 30ರಷ್ಟು. ಅಂದರೆ ಬಾಗಿಲಿಗೆ ಬಂದರು, ಒಳಗೆ ಕೂರಲಿಲ್ಲ. ತಂಡ ವಿಡಿಯೊವನ್ನು ಮತ್ತೆ ನೋಡಿತು. ಮೊದಲ ನಾಲ್ಕು ನಿಮಿಷ ಸಮಿತಿಗಳು, ಚದರ ಕಿಲೋಮೀಟರುಗಳು, ದಿನಾಂಕಗಳು. ಮನೆ ಕಟ್ಟಲು ಅಡ್ಡಿಯುಂಟೇ, ಸೊಪ್ಪಿನ ಬೆಟ್ಟ ಏನಾಗುತ್ತದೆ, ದನ ಮೇಯಿಸಬಹುದೇ ಎಂಬ ಪ್ರಶ್ನೆಗಳು ಬಂದದ್ದು ಕೊನೆಯಲ್ಲಿ. ಇಲ್ಲಿ ಬದಲಾಗಬೇಕಾದದ್ದು ವಿಷಯವಲ್ಲ, ಅದರ ಆರಂಭ. ಹೆಂಗಸರ ಪಾಲು ಕಡಿಮೆಯೆಂದು ವಿಷಯವನ್ನೇ ಕೈಬಿಟ್ಟಿದ್ದರೆ ನಮ್ಮ ತಪ್ಪನ್ನು ಅವರ ತಲೆಗೆ ಕಟ್ಟಿದಂತಾಗುತ್ತಿತ್ತು.

ಇನ್ನು ಅಂಕಿಗಳ ಹುಟ್ಟಿನಲ್ಲೇ ಇರುವ ದೋಷಗಳ ಮಾತು. ವಯಸ್ಸು, ಲಿಂಗದ ಲೆಕ್ಕ ಬರುವುದು ಖಾತೆ ತೆರೆದು ನೋಡುವವರಿಂದ. ನಮ್ಮ ಮನೆಗಳಲ್ಲಿ ಒಂದೇ ಫೋನು ಹಲವು ಕೈಗಳಿಗೆ ಹೋಗುತ್ತದೆ. ಖಾತೆ ಮಗನ ಹೆಸರಿನಲ್ಲಿರುತ್ತದೆ. ರಾತ್ರಿ ಅಡುಗೆಮನೆಯಲ್ಲಿ ನೋಡುವವಳು ಅಮ್ಮ. ಯೂಟ್ಯೂಬಿನ ಕಣ್ಣಿಗೆ ಅವಳು ಇಪ್ಪತ್ತಮೂರರ ಯುವಕ! ಹಾಗಾಗಿ 22 ಎಂಬುದನ್ನು ಹೆಂಗಸರ ನಿಜವಾದ ಸಂಖ್ಯೆ ಎಂದು ತಿಳಿಯಬಾರದು. ಆದರೆ ಈ ದೋಷ ಎಲ್ಲ ವಿಡಿಯೊಗಳಿಗೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಗಲುವುದಾದರೆ, ಒಂದರೊಡನೆ ಇನ್ನೊಂದನ್ನು ಹೋಲಿಸುವ ನಮ್ಮ ಭಾಗಾಕಾರ ಉಪಯೋಗಕ್ಕೆ ಬರುತ್ತದೆ. ಬರಿಯ ಅಂಕಿಗಿಂತ ಹೋಲಿಕೆ ಮೇಲು ಎನ್ನುವುದು ಇದೇ ಕಾರಣಕ್ಕೆ.

ಊರಿನ ಲೆಕ್ಕದ ದೋಷ ಬೇರೆ ಬಗೆಯದು. ಮೊಬೈಲ್ ಜಾಲದ ಮೂಲಕ ನೋಡುವಾಗ ಸಂಪರ್ಕವು ದೊಡ್ಡ ನಗರದ ಕೇಂದ್ರವೊಂದನ್ನು ಹಾದು ಹೋಗುವುದುಂಟು. ಆಗ ತೀರ್ಥಹಳ್ಳಿಯ ಹಳ್ಳಿಯೊಂದರ ವೀಕ್ಷಣೆ ಬೆಂಗಳೂರಿನ ಲೆಕ್ಕಕ್ಕೆ ಬೀಳಬಹುದು. ಜೊತೆಗೆ, ಬೆಂಗಳೂರಿನಲ್ಲಿ ದುಡಿಯುವ ಮಲೆನಾಡಿಗರೂ ಆ 46ರಲ್ಲಿದ್ದಾರೆ. ಅಲ್ಲಿಯೇ ಹುಟ್ಟಿ ಬೆಳೆದ ನಗರವಾಸಿಗಳೂ ಇದ್ದಾರೆ. ಇವರನ್ನು ಬೇರ್ಪಡಿಸುವುದು ಹೇಗೆ? ಅಡಿಕೆಯ ಎಲೆಚುಕ್ಕಿ ರೋಗದ ವಿಡಿಯೊದಲ್ಲೂ ಬೆಂಗಳೂರಿನ ಪಾಲು 45 ಇದ್ದರೆ, ತೋಟದ ಸಂಬಂಧವೇ ಇಲ್ಲದ ನಗರದವರು ಅಷ್ಟೊಂದು ಮಂದಿ ಅದನ್ನು ನೋಡುವುದಕ್ಕೆ ಕಾರಣವಿಲ್ಲ. ಒಂದೋ ಅವರು ಊರಿನ ಮಕ್ಕಳು, ಅಥವಾ ಊರಿನಲ್ಲಿಯೇ ಕುಳಿತವರು. ದೀಪಾವಳಿಯ ವಾರ ಬೆಂಗಳೂರಿನ ಪಾಲು ಇಳಿದು ಶಿವಮೊಗ್ಗ, ಸಾಗರಗಳದು ಏರಿದರೆ ಊರಿನ ಮಕ್ಕಳೇ ಹೆಚ್ಚೆಂದು ಊಹಿಸಬಹುದು. ಇಳಿಯದಿದ್ದರೆ ಮಾತ್ರ ಏನನ್ನೂ ಹೇಳಲಾಗದು. ಊರಿಗೆ ಬಂದ ಫೋನು ಕೂಡ ಬೆಂಗಳೂರೆಂದೇ ದಾಖಲಾಗಿರಬಹುದು. ಆಗ ಗ್ರಾಮಸಭೆಯಲ್ಲೋ ಸಂತೆಯಲ್ಲೋ ಕೇಳಿ ತಿಳಿಯುವುದೊಂದೇ ದಾರಿ.

ಇನ್ನೊಂದು ಎಚ್ಚರಿಕೆ. ದೊಡ್ಡ ದುರಂತವೊಂದು ನಡೆದಾಗ ಅಂಕಿಗಳು ಉಕ್ಕುತ್ತವೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಂಥ ಸಂದರ್ಭದಲ್ಲಿ ಎಲ್ಲ ಕಡೆಯ ಜನ ಬಂದು ನೋಡಿ ಹೋಗುತ್ತಾರೆ. ಅಂಥ ವಿಡಿಯೊವನ್ನು ಸೇರಿಸಿ ಸರಾಸರಿ ತೆಗೆದರೆ, ಆ ವಾರದ ಜಾತ್ರೆಯನ್ನು ವರ್ಷದ ಸಂತೆ ಎಂದುಕೊಂಡಂತೆ. ಅದನ್ನು ಬೇರೆಯಾಗಿಡಿ. ಹಾಗೆಯೇ ನೂರಿನ್ನೂರು ವೀಕ್ಷಣೆಯ ವಿಡಿಯೊ ಒಂದರಿಂದ ತೀರ್ಮಾನಕ್ಕೆ ಬರಬೇಡಿ. ಸಂಖ್ಯೆ ತೀರಾ ಚಿಕ್ಕದಾದರೆ ಯೂಟ್ಯೂಬ್ ವಯಸ್ಸು, ಲಿಂಗದ ವಿವರವನ್ನು ತೋರಿಸುವುದೇ ಇಲ್ಲ. ಒಂದೇ ವಿಷಯದ ಮೂರು ನಾಲ್ಕು ವಿಡಿಯೊಗಳನ್ನು ಕೂಡಿಸಿ, ಎಲ್ಲವುಗಳ ಮೊದಲ 28 ದಿನಗಳನ್ನಷ್ಟೇ ಹೋಲಿಸಿ. ಇಲ್ಲದಿದ್ದರೆ ಹಳೆಯ ವಿಡಿಯೊ ಹಳೆಯದೆಂಬ ಕಾರಣಕ್ಕೇ ಗೆಲ್ಲುತ್ತದೆ.

ಕೊನೆಯದಾಗಿ, ಅಂಕಿಗಳು ಹೇಳಲಾರದ ಸಂಗತಿ. ಅವು ಬಂದವರ ಲೆಕ್ಕ; ಬಾರದವರದಲ್ಲ. 2011ರ ಜನಗಣತಿಯಂತೆ ಸಾವಿರ ಗಂಡಸರಿಗೆ ಚಿಕ್ಕಮಗಳೂರು ಜಿಲ್ಲೆಯಲ್ಲಿ 1,008, ಕೊಡಗಿನಲ್ಲಿ 1,019 ಹೆಂಗಸರು. ಊರಿನಲ್ಲಿ ಅರ್ಧಕ್ಕಿಂತ ಹೆಚ್ಚಿರುವವರು ನಮ್ಮ ಪಟ್ಟಿಯಲ್ಲಿ 22 ಆಗಿದ್ದರೆ, ಅದನ್ನು ಅವರ ಅಭಿರುಚಿ ಎಂದು ಓದಬೇಕೋ ನಮ್ಮ ಕೊರತೆ ಎಂದು ಓದಬೇಕೋ? ಅರಣ್ಯ ಹಕ್ಕು ಕಾಯಿದೆಯ ಅಡಿ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷ, ನೆಲೆಸಿದ್ದನ್ನು ತೋರಿಸಬೇಕು. ಆ ನೆನಪಿರುವುದು ಅಜ್ಜ ಅಜ್ಜಿಯರಲ್ಲಿ. ಅವರು ನಮ್ಮ ಪಟ್ಟಿಯಲ್ಲಿ ಬಹುಶಃ ಕಾಣುವುದಿಲ್ಲ. ಆದರೆ ಅರ್ಜಿ ತುಂಬುವ ಮೊಮ್ಮಗಳು ಕಾಣುತ್ತಾಳೆ. ಹಾಗಾದರೆ ಆ ವಿಡಿಯೊವನ್ನು ಇಪ್ಪತ್ತರ ಹುಡುಗಿಗೆ ಮಾಡಬೇಕು. ಅಜ್ಜಿಯನ್ನು ಯಾವ ಪ್ರಶ್ನೆ ಕೇಳಬೇಕೆಂದು ಅವಳಿಗೆ ಹೇಳಿಕೊಡಬೇಕು.

ಈ ಎಲ್ಲವನ್ನೂ ಇಟ್ಟುಕೊಂಡು ನಮ್ಮ ಕಲ್ಪಿತ ತಂಡ ಎಂಟನ್ನು ಹೀಗೆ ಹಂಚಿತು. ಮೂರು, ಎಷ್ಟೇ ಜನ ನೋಡಲಿ ಬಿಡಲಿ, ಮಾಡಲೇಬೇಕಾದವು: ಅರಣ್ಯ ಹಕ್ಕು, ಋತುಮಾನದ ಕಾಯಿಲೆ, ಮಳೆಗಾಲದ ಎಚ್ಚರಿಕೆ. ಮಂಗನ ಕಾಯಿಲೆಯದು ಜನವರಿಯಲ್ಲಿ ರೋಗ ಏರಿದ ಮೇಲಲ್ಲ, ನವೆಂಬರಿನಲ್ಲೇ ಬರಬೇಕು. ಇನ್ನು ಮೂರು, ಹೋಲಿಕೆಯ ಅಂಕಿಗಳು ಬಲವಾಗಿ ಸೂಚಿಸಿದವು. ಸೂಕ್ಷ್ಮ ಪ್ರದೇಶದ ವಿಡಿಯೊ, ಮನೆ ಮತ್ತು ಬೆಟ್ಟದ ಪ್ರಶ್ನೆಯಿಂದ ಆರಂಭವಾಗಿ, ಇಲ್ಲಿ ಸೇರಿತು. ಉಳಿದೆರಡು, ಬಾರದವರಿಗಾಗಿ ಪ್ರಯೋಗ. ಮೂರು ತಿಂಗಳ ನಂತರ ಏನು ಕಂಡರೆ ಮುಂದುವರಿಸುವುದು, ಏನು ಕಂಡರೆ ಬಿಡುವುದು ಎಂಬುದನ್ನು ಮೊದಲ ದಿನವೇ ಬರೆದಿಟ್ಟರು: ಹೊಸ ಆರಂಭದ ವಿಡಿಯೊವನ್ನು ಹೆಂಗಸರು 30ರ ಬದಲು 45ರಷ್ಟಾದರೂ ನೋಡಿದರೆ ದಾರಿ ಸರಿ, 30ರಲ್ಲೇ ನಿಂತರೆ ನಮ್ಮ ಊಹೆ ತಪ್ಪು. ಮೊದಲೇ ಬರೆದಿಡದಿದ್ದರೆ, ಅಂಕಿ ಏನೇ ಬಂದರೂ ನಮಗೆ ಬೇಕಾದ ಅರ್ಥ ಹೇಳಿಕೊಳ್ಳುವುದು ಮನುಷ್ಯಸ್ವಭಾವ.